ಗುಂಡಿಯ ಎಡ ಪಕ್ಕೆ

ನನ್ನ ಹೆಂಡತಿ ಒಂದು ಹೇಳಿದಳು, ನಾನು ಇನ್ನೊಂದು ಕೇಳಿಸಿಕೊಂಡೆ. ಮದುವೆಯಾದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಆ ಸಲ ನಮ್ಮಿಬ್ಬರ ನಡುವೆ ಒಂದು ಮೇಕೆ ಇತ್ತು.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಮೇಕೆ. ಹಣೆಯ ಮೇಲೆ ಅಂಗಿಗೆ ಹೊಲಿದಂತೆ ಒಂದು ಬಿಳಿ ಚುಕ್ಕೆ ಇದ್ದುದರಿಂದ ನಾನೇ ಅದಕ್ಕೆ ಗುಂಡಿ ಎಂದು ಹೆಸರಿಟ್ಟಿದ್ದೆ. ನನ್ನ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು. ಮೇವು, ನೀರು, ಬಾಣಂತನ ಎಲ್ಲ ಅವಳದು. ಗುಂಡಿ ಎರಡು ಮರಿ ಹಾಕಿ ಮೂರು ವಾರವಾಗಿತ್ತು, ಮರಿಗಳಿಗೆ ಇನ್ನೂ ತಾಯಿಯ ಹಾಲೇ ಗತಿ. ಅಷ್ಟರಲ್ಲಿ ನಾದಿನಿಗೆ ಹೆರಿಗೆ ಎಂದು ಇವಳು ಹೊರಟು ನಿಂತಳು. ಹೋಗುವಾಗ ಮೂರು ಸಲ ಹಿಂದಿರುಗಿ ನೋಡಿದಳು. ಮೂರೂ ಸಲ ಮೇಕೆಯನ್ನೇ.

ಸಂಜೆ ಬಸ್ಸಿನಿಂದ ಫೋನ್ ಮಾಡಿದಳು. ನಾನು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಒಂದು ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುತ್ತಿದ್ದೆ. ಇಪ್ಪತ್ತು ವರ್ಷದಿಂದ ಹಾಗೇ ಮಾತಾಡಿಕೊಂಡು ಬಂದವನು. ಅವಳು ಏನೋ ಹೇಳಿದಳು, ಮಿಷನ್ನು ಕಟಕಟ ಎಂದಿತು, ನನಗೆ ಕೇಳಿಸಿದ್ದು ಇಷ್ಟು: "ಹೊಟ್ಟೆ ತುಂಬ ಹಾಕಿ. ನುಚ್ಚು…" ಮುಂದಿನದು ದಾರದ ಜೊತೆ ಹೋಯಿತು. ಆಯ್ತಾಯ್ತು ಎಂದೆ.

ಮೂಲೆಯಲ್ಲಿ ಮೆಕ್ಕೆಜೋಳದ ನುಚ್ಚಿನ ಚೀಲವಿತ್ತು. ಬಾಣಂತಿ ತಾನೇ, ತಿನ್ನಲಿ ಎಂದು ಬೋಗುಣಿ ತುಂಬ ಸುರಿದೆ. ಎರಡು ಕಿಲೋಗೆ ಕಡಿಮೆ ಇರಲಿಲ್ಲ. ಗುಂಡಿ ತಲೆ ಎತ್ತದೆ ತಿಂದಿತು, ಬೋಗುಣಿಯನ್ನೂ ನೆಕ್ಕಿತು. ಇವಳಿಗಿಂತ ನಾನೇ ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಮರಿಗಳ ಅರಚಾಟಕ್ಕೆ ಎಚ್ಚರವಾಯಿತು. ಗುಂಡಿ ತಲೆ ತಗ್ಗಿಸಿ, ಬೆನ್ನು ಬಾಗಿಸಿ ನಿಂತಿತ್ತು. ಎಡ ಪಕ್ಕೆ ಗಾಳಿ ತುಂಬಿದ ಚೀಲದಂತೆ ಉಬ್ಬಿತ್ತು. ಹಲ್ಲು ಕಡಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಹಿಂದೆ ನೀರಿನಂಥ ಹಿಕ್ಕೆ, ಹುಳಿ ಹುಳಿ ವಾಸನೆ. ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುಂಡಿ ಸರಿದು ಹೋಗುತ್ತಿತ್ತು, ಸರಿಯುವಾಗ ಕುಡಿದವರ ಹಾಗೆ ತೂರಾಡುತ್ತಿತ್ತು. ಸೊಪ್ಪು ಹಿಡಿದೆ, ಮೂಸಲೂ ಇಲ್ಲ.

ಹೆಂಡತಿಗೆ ಫೋನ್ ಮಾಡಿದೆ. ಏನು ಹಾಕಿದ್ರಿ ಎಂದು ಕೇಳಿದಳು. ನೀನು ಹೇಳಿದ ಹಾಗೇ ಹೊಟ್ಟೆ ತುಂಬ ನುಚ್ಚು ಎಂದೆ.

"ಹೊಟ್ಟೆ ಅಲ್ಲ ರೀ, ಹೊಟ್ಟು. ಕಡಲೆ ಹೊಟ್ಟು ತುಂಬ ಹಾಕಿ, ನುಚ್ಚು ಒಂದೇ ಹಿಡಿ ಸಾಕು ಅಂದೆ."

ನಾನು ಸತ್ತೇ ಹೋದೆ. ಪೇಚಾಟ ಆಮೇಲೆ ಇಟ್ಕೊಳ್ಳಿ, ಮೊದಲು ಡಾಕ್ಟರಮ್ಮನಿಗೆ ಫೋನ್ ಮಾಡಿ ಎಂದಳು. ತಾನು ಸಿಕ್ಕಿದ ಬಸ್ಸು ಹತ್ತುತ್ತೇನೆ ಎಂದಳು.

ದನದಾಸ್ಪತ್ರೆಯ ಡಾಕ್ಟರಮ್ಮ ಬಯ್ಯಲಿಲ್ಲ. ಏನು ತಿಂತು, ಎಷ್ಟು, ಯಾವಾಗ, ನಿಂತಿದೆಯಾ ಮಲಗಿದೆಯಾ, ಇಷ್ಟನ್ನು ಕೇಳಿಕೊಂಡರು. ಬರಲು ಮುಕ್ಕಾಲು ಗಂಟೆ ಬೇಕು, ಅಲ್ಲಿಯವರೆಗೆ ಕಾಳಿನ ಚೂರೂ ಬಾಯಿಗೆ ಹೋಗಬಾರದು, ನೀರಿನ ಬಕೆಟ್ಟನ್ನೂ ಸದ್ಯಕ್ಕೆ ತೆಗೆದಿಡಿ, ಮಲಗಲು ಬಿಡದೆ ಮುಂಗಾಲು ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ ಎಂದರು. ಆಮೇಲೆ ಅಡುಗೆ ಸೋಡಾ ಎರಡು ದೊಡ್ಡ ಚಮಚ, ಅರ್ಧ ಲೀಟರ್ ಬೆಚ್ಚನೆ ನೀರಿನಲ್ಲಿ ಕರಗಿಸಿ ಕುಡಿಸಬೇಕು.

"ಈಗ ನಾನು ಹೇಳಿದ್ದನ್ನ ನೀವು ತಿರುಗಿ ಹೇಳಿ," ಎಂದರು. ಹೇಳಿದೆ. ಸೋಡಾ ಎಂದು ನಿಲ್ಲಿಸಿದೆ.

"ಅಡುಗೆ ಸೋಡಾ. ಬಟ್ಟೆ ಒಗೆಯೋ ಸೋಡಾ ಹಾಕಿದ್ರೆ ಗಂಟಲು ಸುಟ್ಟುಹೋಗತ್ತೆ. ಪೊಟ್ಟಣದ ಮೇಲೆ ಓದಿ ಆಮೇಲೆ ಬಿಚ್ಚಿ."

ಸೋಡಾ ಕೊಟ್ಟವನು ಪಕ್ಕದ ಬೇಕರಿಯವನು. ಒಲೆಯಲ್ಲಿದ್ದ ಬನ್ನುಗಳನ್ನು ಹಾಗೇ ಬಿಟ್ಟು ಬಂದ. ಅವನು ತಲೆ ಹಿಡಿದ, ನಾನು ಸೋಡಾ ನೀರಿನ ಬಾಟಲಿಯ ಬಾಯನ್ನು ಕೆನ್ನೆಯ ಪಕ್ಕದಿಂದ ಒಳಗಿಟ್ಟು ಗುಟುಕು ಗುಟುಕಾಗಿ ಬಿಟ್ಟೆ. ತಲೆ ಮೇಲಕ್ಕೆ ಎತ್ತಬೇಡಿ, ಕೆಮ್ಮಿದರೆ ನಿಲ್ಲಿಸಿ, ಇಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎರಡು ಸಲ ಕೆಮ್ಮಿತು, ಎರಡು ಸಲವೂ ನಿಲ್ಲಿಸಿದೆ. ನೋಡಲು ಬಂದ ಒಬ್ಬರು ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತೆಗಿ, ದರ್ಜಿಗೆ ಸೂಜಿಗೇನು ಬರ ಎಂದರು. ಬೇಕರಿಯವನು ಅವರನ್ನು ಬನ್ನು ನೋಡಿಕೊಳ್ಳಲು ಕಳಿಸಿದ.

ಡಾಕ್ಟರಮ್ಮ ಬಂದವರೇ ಎಡ ಪಕ್ಕೆಗೆ ಮುಷ್ಟಿ ಒತ್ತಿದರು. ಕಲಸಿದ ಹಿಟ್ಟಿನ ಹಾಗೆ ಗುಳಿ ಬಿದ್ದು ಹಾಗೇ ಉಳಿಯಿತು. ಕೊಳವೆ ಕಿವಿಗಿಟ್ಟು ಎರಡು ನಿಮಿಷ ಕೇಳಿದರು. ಆರೋಗ್ಯವಾಗಿದ್ದರೆ ನಿಮಿಷಕ್ಕೊಮ್ಮೆಯಾದರೂ ಹೊಟ್ಟೆ ಮಗುಚಬೇಕಂತೆ, ಇದರಲ್ಲಿ ಏನೂ ಇರಲಿಲ್ಲ. ಬಾಯಿಗೆ ತೂತಿರುವ ಮರದ ತುಂಡು ಇಟ್ಟು, ಅದರೊಳಗಿಂದ ರಬ್ಬರ್ ನಳಿಕೆ ಇಳಿಸಿದರು. ಹೊಟ್ಟೆಗೇ ಹೋಗಿದೆಯೆಂದು ಖಚಿತಮಾಡಿಕೊಂಡು ಇನ್ನಷ್ಟು ತಳ್ಳಿದಾಗ ಸೊಯ್ಯೆಂದು ಗಾಳಿ ಹೊರಬಂತು. ಬೇಕರಿಯವನು ಮೂಗು ಮುಚ್ಚಿಕೊಂಡು, ತನ್ನ ಹುಳಿ ಬಂದ ಹಿಟ್ಟೇ ವಾಸಿ ಎಂದ. ಹೊರಬಂದ ನೀರಲ್ಲಿ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದರು. ಹುಳಿ ವಿಪರೀತ. ಕಾಳು ಹೊಟ್ಟೆಯೊಳಗೇ ಹುಳಿಯುತ್ತದೆ, ಆ ಹುಳಿ ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಸಾಯಿಸಿ ರಕ್ತಕ್ಕೂ ಇಳಿಯುತ್ತದೆ, ಮೈಯ ನೀರನ್ನು ಹೊಟ್ಟೆಗೆ ಎಳೆಯುತ್ತದೆ ಎಂದರು. ಕತ್ತಿನ ನರಕ್ಕೆ ಡ್ರಿಪ್ ಹಾಕಿದರು, ಅದರಲ್ಲೂ ಸೋಡಾ ಇತ್ತು. ಬಿ-ಒಂದು ವಿಟಮಿನ್ನಿನ ಸೂಜಿ ಕೊಟ್ಟರು. ನಾನು ಅಂಗಡಿಯಿಂದ ಬಟ್ಟೆ ನೇತುಹಾಕುವ ಕೋಲು ತಂದು ಅದಕ್ಕೆ ಬಾಟಲಿ ಕಟ್ಟಿದೆ. ಬೆಳಿಗ್ಗೆಯವರೆಗೆ ಅದರಲ್ಲಿ ಯಾರದೋ ಸೂಟು ತೂಗುತ್ತಿತ್ತು.

ಬದುಕುತ್ತದಾ ಎಂದು ಕೇಳಿದೆ. ಅವರು ನೇರವಾಗಿ ಹೇಳಿದರು.

"ಈಗ ಹೇಳಕ್ಕಾಗಲ್ಲ. ಹುಳಿ ಇಳಿದ ಮೇಲೆ ಆ ಸೂಕ್ಷ್ಮಜೀವಿಗಳನ್ನ ಮತ್ತೆ ತುಂಬಕ್ಕೆ ಆರೋಗ್ಯವಾಗಿರೋ ಮೇಕೆಯ ಹೊಟ್ಟೆ ರಸ ಬೇಕು. ಸಿಗತ್ತಾ?"

ಸಿಕ್ಕಿತು, ಎಲ್ಲಿ ಎಂದರೆ ಬೀದಿ ಕೊನೆಯ ಮಾಂಸದಂಗಡಿಯಲ್ಲಿ. ಮಧ್ಯಾಹ್ನ ಪಟ್ಟಿಯ ಬಣ್ಣ ಸುಧಾರಿಸಿತು ಎಂದು ಡಾಕ್ಟರಮ್ಮ ಹೇಳಿದಾಗ ಆ ಅಂಗಡಿಯ ಅಣ್ಣ ಆಗಷ್ಟೇ ಕೊಯ್ದ ಆರೋಗ್ಯವಂತ ಮೇಕೆಯ ಹೊಟ್ಟೆಯೊಳಗಿನದನ್ನು ಬೆಚ್ಚಗೆ ಮುಚ್ಚಿಕೊಂಡು ಓಡಿಬಂದ. ನಾನು ಅಸ್ತರಿನ ಬಟ್ಟೆ ಹರಿದು ಸೋಸಿದೆ, ಡಾಕ್ಟರಮ್ಮ ಬಿಸಿಯಾರುವ ಮುಂಚೆಯೇ ನಳಿಕೆಯಲ್ಲಿ ಇಳಿಸಿದರು.

"ನನ್ನಂಗಡಿ ಕಡೆಯಿಂದ ಒಂದು ಮೇಕೆ ಬದುಕಿದ್ರೆ ಇದೇ ಮೊದಲು," ಎಂದ ಅಣ್ಣ. ನಗುವ ಬದಲು ನಾನು ಅವನಿಗೆ ಕೈಮುಗಿದೆ. ಮೇಕೆ ಕೊಯ್ಯುವ ಕೈಗೆ ಎಂದು ಯಾರಾದರೂ ನಕ್ಕರೆ ನಗಲಿ.

ಮರಿಗಳಿಗೆ ಬೇಕರಿಯವನ ಹೆಂಡತಿ ತಮ್ಮ ಮೇಕೆಯ ಹಾಲನ್ನು ಬಾಟಲಿಯಲ್ಲಿ ಕುಡಿಸಿದರು. ಡಾಕ್ಟರಮ್ಮ ಹೊರಡುವಾಗ ಒಣ ಹುಲ್ಲು ಮಾತ್ರ ಇಡಿ, ನೀರು ಸ್ವಲ್ಪ ಸ್ವಲ್ಪವೇ ಕೊಡಿ, ಹುಳಿಯ ಪೆಟ್ಟು ಕಾಲಿಗೂ ಇಳಿಯಬಹುದು, ನಾಲ್ಕು ದಿನ ಗೊರಸು ಮುಟ್ಟಿ ನೋಡಿ, ಬಿಸಿಯಾಗಿ ಕುಂಟಿದರೆ ಕರೆಯಿರಿ ಎಂದರು. ಮತ್ತೆ ತಿರುಗಿ ಹೇಳಿಸಿದರು. ಈ ಸಲ ತಪ್ಪಲಿಲ್ಲ.

ಸಂಜೆ ಹೆಂಡತಿ ಬಂದಾಗ ಚೀಲವನ್ನೂ ಇಳಿಸಲಿಲ್ಲ. ನೇರ ಚಪ್ಪರಕ್ಕೆ ಹೋಗಿ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ನಾನು ಬಯ್ಗುಳಕ್ಕೆ ಸಿದ್ಧನಾಗಿ ಕಂಬ ಹಿಡಿದು ನಿಂತೆ. ಅವಳು ಕೇಳಿದ್ದು ಬೇರೆ: ಬೆಳಿಗ್ಗೆಯಿಂದ ಏನಾದರೂ ತಿಂದಿರಾ?

ಇಲ್ಲ ಎಂದೆ. ಎದ್ದು ಹೋಗಿ ಅನ್ನಕ್ಕೆ ಇಟ್ಟಳು.

ಮರುದಿನ ಬೆಳಕು ಹರಿಯುವಾಗ ನನ್ನನ್ನು ಅಲುಗಿಸಿ ಎಬ್ಬಿಸಿದಳು. ಕೈ ಹಿಡಿದು ಎಳೆದುಕೊಂಡು ಹೋದಳು. ಗುಂಡಿ ಒಣ ಹುಲ್ಲಿನ ಒಂದು ಎಳೆ ಮೂತಿಗೆ ಅಂಟಿಸಿಕೊಂಡು ನಿಂತಿತ್ತು. ದವಡೆ ನಿಧಾನವಾಗಿ ಅತ್ತ ಇತ್ತ ಆಡುತ್ತಿತ್ತು. ಮೆಲುಕು ಹಾಕುತ್ತಿತ್ತು. ಹೆಂಡತಿ ನನ್ನ ಅಂಗೈಯನ್ನು ಅದರ ಎಡ ಪಕ್ಕೆಗೆ ಒತ್ತಿ, ಮೇಲೆ ತನ್ನ ಕೈ ಇಟ್ಟಳು.

"ಸುಮ್ಮನಿರಿ," ಎಂದಳು, ನಾನೇನೂ ಹೇಳದಿದ್ದರೂ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಏನೋ ಭಾರವಾಗಿ, ಸೋಮಾರಿಯಾಗಿ ಒಂದು ಸಲ ಮಗುಚಿತು, ಅಂಗೈಯನ್ನು ಮೇಲೆತ್ತಿ ಮತ್ತೆ ಇಳಿಸಿತು. ಇನ್ನೊಂದು ಸಲಕ್ಕೆ ಇಬ್ಬರೂ ಕಾಯುತ್ತ ಕೂತೆವು.