ನಮ್ಮ ಕಟ್ಟೆಯ ಬಗ್ಗಡ

ಚನ್ನಾಜಮ್ಮನ ಎದುರಿಗೆ ಬೇಕಾದರೆ ಆಕೆಯ ಮಗನನ್ನು ಬೈಯಬಹುದಿತ್ತು, ಸೊಸೆ ಮಾಡಿದ ಸಾರನ್ನು ಹಳಿಯಬಹುದಿತ್ತು. ಊರ ಮುಂದಿನ ಕಟ್ಟೆಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಕಾಮಗೆರೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಆ ಹಳ್ಳಿಯಲ್ಲಿ ಕಟ್ಟೆ ತೋಡಿಸಿದ್ದು ಆಕೆಯ ಗಂಡನ ತಾತ. ಈಗ ಮನೆಮನೆಗೂ ನಲ್ಲಿ ಬಂದಿದೆ, ಕಟ್ಟೆಯ ನೀರು ಕುಡಿಯುವವರು ಯಾರೂ ಇಲ್ಲ, ದನ ಇಳಿಯುತ್ತವೆ, ಎಮ್ಮೆಗಳು ಮಧ್ಯಾಹ್ನವೆಲ್ಲ ಅಲ್ಲೇ ಬಿದ್ದುಕೊಂಡಿರುತ್ತವೆ. ಆದರೂ ಅದು ಅವರ ಮನೆತನದ ಕಟ್ಟೆ. ಆಕೆಯ ಕಣ್ಣಿಗೆ ಅದರ ನೀರು ಇಂದಿಗೂ ತಿಳಿ.

ಹಾಗಾಗಿ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಸೌಮ್ಯ, ವಿಜ್ಞಾನ ಮೇಳಕ್ಕೆ ಕೆರೆಕಟ್ಟೆಗಳ ನೀರು ಪರೀಕ್ಷೆ ಮಾಡುತ್ತೇನೆ ಎಂದಾಗ ಅಜ್ಜಿಗೆ ಹಿಡಿಸಲಾರದಷ್ಟು ಹಿಗ್ಗಾಯಿತು. ಮೂರು ಕಡೆಯ ನೀರು: ತಮ್ಮೂರ ಕಟ್ಟೆಯದು, ಹೂಗ್ಯಂ ಕಡೆಯ ಕಾಡಂಚಿನ ಒಂದು ಕೊಳದ್ದು, ಯಳಂದೂರಿನಲ್ಲಿ ಸೌಮ್ಯಳ ಅತ್ತೆಯ ಮನೆಯ ಹತ್ತಿರದ ಕೊಳದ್ದು. ಹುಡುಗಿ ಒಂದು ಉದ್ದನೆಯ ಪಾರದರ್ಶಕ ಕೊಳವೆಯ ತಳಕ್ಕೆ ಕಪ್ಪು ಬಿಳುಪಿನ ಬಿಲ್ಲೆ ಅಂಟಿಸಿ, ಪಕ್ಕಕ್ಕೆ ಸೆಂಟಿಮೀಟರಿನ ಗೆರೆ ಎಳೆದುಕೊಂಡಿದ್ದಳು. ಅಜ್ಜಿಯನ್ನು ಕಟ್ಟೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡೇ ನೀರು ಸುರಿದು ತೋರಿಸಿದಳು.

"ನೋಡಜ್ಜಿ, ಮ್ಯಾಲಿಂದ ಬಗ್ಗಿ ನೋಡ್ತಾ ನೀರು ಉಯ್ಯೋದು. ಬಿಲ್ಲೆ ಎಲ್ಲಿಗೆ ಕಾಣ್ದಂಗಾಯ್ತದೋ ಅಷ್ಟು ಎತ್ರ ಬರ್ಕಳದು. ಬೇಗ ಮರೆಯಾದ್ರೆ ಬಗ್ಗಡ ಜಾಸ್ತಿ ಅಂತ."

ಹನ್ನೆರಡು ಸೆಂಟಿಮೀಟರಿಗೇ ಬಿಲ್ಲೆ ಮಾಯವಾಯಿತು. ವಾರವೆಲ್ಲ ಮಳೆ ಹೊಡೆದು, ಉತ್ತ ಹೊಲಗಳ ಕೆಮ್ಮಣ್ಣು ಕಟ್ಟೆಗೆ ಇಳಿದಿತ್ತು. ಆಮೇಲೆ ಹುಡುಗಿ ಒಂದು ಪೇಪರಿನ ಪಟ್ಟಿಯನ್ನು ನೀರಿಗೆ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದಳು. ಹಸಿರು ಬಂತು. "ಪಿಎಚ್ ಎಂಟ್ರ ಅತ್ರ. ಉಳೀನೂ ಅಲ್ಲ, ಸೌಳೂ ಅಲ್ಲ, ಚೆನ್ನಾಗದೆ," ಎಂದಳು. ಆ ಮಾತಿಗೆ ಅಜ್ಜಿ ಸ್ವಲ್ಪ ಸಮಾಧಾನಪಟ್ಟುಕೊಂಡಳು.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಹೂಗ್ಯಂ ಕೊಳದಲ್ಲಿ ಬಿಲ್ಲೆ ನಲವತ್ತು ಸೆಂಟಿಮೀಟರಿನವರೆಗೆ ಕಂಡಿತು, ಯಳಂದೂರಿನದರಲ್ಲಿ ಮೂವತ್ತರವರೆಗೆ. ಆ ಸುದ್ದಿ ಮೊಬೈಲಿನಲ್ಲಿ ಹಾರಿ ಯಳಂದೂರಿನ ಬೀಗಿತ್ತಿ ಲಕ್ಷ್ಮಿದೇವಿಯ ಕಿವಿಗೆ ಬಿತ್ತು. ಚನ್ನಾಜಮ್ಮ ತನ್ನ ಮಗಳನ್ನು ಕೊಟ್ಟಿದ್ದು ಲಕ್ಷ್ಮಿದೇವಿಯ ಮಗನಿಗೆ. ಮದುವೆಯ ದಿನ ಊಟದ ಎಲೆಗೆ ಹಪ್ಪಳ ಮೊದಲು ಬಡಿಸಬೇಕೋ ಪಾಯಸವೋ ಎಂಬಲ್ಲಿಂದ ಶುರುವಾದ ಮೇಲಾಟ ಇಬ್ಬರ ನಡುವೆ ಇನ್ನೂ ನಿಂತಿರಲಿಲ್ಲ. "ಮೇಳುಕ್ಕೆ ನಾನೂ ಕೊಳ್ಳೇಗಾಲುಕ್ಕೆ ಬತ್ತೀನಿ ಬೀಗ್ತಮ್ಮ. ನಮ್ ಕೊಳುದ್ ನೀರು ನಿಮ್ ಕಟ್ಟೆ ನೀರ್ನ ಗೆದ್ದದಂತಲ್ಲ, ನೋಡ್ಬ್ಯಾಡ್ವಾ?" ಎಂದು ಆಕೆ ಫೋನಿನಲ್ಲಿ ನಕ್ಕಾಗ ಚನ್ನಾಜಮ್ಮನಿಗೆ ಮೈಯೆಲ್ಲ ಉರಿಯಿತು.

ಮೇಳದ ಹಿಂದಿನ ದಿನ ಬೆಳಿಗ್ಗೆ ಸೌಮ್ಯ ಮೂರೂ ಕಡೆಯಿಂದ ತರಿಸಿಟ್ಟ ನೀರನ್ನು ಎಣ್ಣೆಯ ಬಿಳಿ ಕ್ಯಾನುಗಳಲ್ಲಿ ತುಂಬಿ, ಹೆಸರು ಅಂಟಿಸಿ, ಹಿತ್ತಲ ನೆರಳಿಗಿಟ್ಟು ಶಾಲೆಗೆ ಹೋದಳು. ತೀರ್ಪುಗಾರರ ಎದುರು ಅಳೆದು ತೋರಿಸಲು ಆ ನೀರು. ಚನ್ನಾಜಮ್ಮ ತಮ್ಮೂರ ಕ್ಯಾನಿನ ಮುಚ್ಚಳ ತೆಗೆದು ನೋಡಿದಳು. ಕೆಂಪಗೆ ಟೀಯ ಹಾಗಿತ್ತು. ಇದನ್ನು ಕೊಳ್ಳೇಗಾಲದಲ್ಲಿ ನಾಕು ಜನರ ಮುಂದೆ ಸುರಿಯುವುದೇ, ಅದೂ ಆ ಲಕ್ಷ್ಮಿದೇವಿಯ ಎದುರಿಗೆ! ಮನೆಗೆ ಬಂದ ನೆಂಟರಿಗೆ ಕೊಳೆ ಲೋಟದಲ್ಲಿ ನೀರು ಕೊಟ್ಟಷ್ಟೇ ನಾಚಿಕೆಯಾಯಿತು ಆಕೆಗೆ.

ನೀರು ತಿಳಿ ಮಾಡುವುದು ನಲ್ಲಿ ಇಲ್ಲದ ಕಾಲದಲ್ಲಿ ಆಕೆ ಮಳೆಗಾಲವೆಲ್ಲ ಮಾಡುತ್ತಿದ್ದ ಕೆಲಸವೇ. ಬಗ್ಗಡದ ನೀರನ್ನು ಪಾತ್ರೆಗೆ ಸುರಿದು, ಪಟಿಕದ ಗಟ್ಟಿಯನ್ನು ನೀರಲ್ಲಿ ಎರಡು ಸುತ್ತು ಆಡಿಸಿ ತೆಗೆದರೆ ಮಣ್ಣು ತಳ ಹಿಡಿಯುತ್ತದೆ. ಆದರೆ ಇವತ್ತು ಎರಡು ಸುತ್ತು ಸಾಲದು ಎನ್ನಿಸಿತು. ಕ್ಯಾನಿನ ನೀರನ್ನು ಪಾತ್ರೆಗೆ ಬಗ್ಗಿಸಿ, ನಿಂಬೆಹಣ್ಣಿನ ಗಾತ್ರದ ಗಟ್ಟಿಯನ್ನು ಒಳಕಲ್ಲಿನಲ್ಲಿ ಕುಟ್ಟಿ, ಪುಡಿಯನ್ನೆಲ್ಲ ಸುರಿದು ಕಲಕಿಯೇಬಿಟ್ಟಳು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಪಾತ್ರೆಯ ತಳದ ಹೂವಿನ ಚಿತ್ರ ಮಣ್ಣಿನಡಿ ಮುಚ್ಚಿಹೋಗಿ, ಮೇಲೆ ನೀರು ಗಾಜಾಗಿತ್ತು. ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿದಳು. ಮಣ್ಣನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿದೆ, ಮೊಮ್ಮಗಳಿಗೆ ಒಳ್ಳೆಯದನ್ನೇ ಮಾಡಿದ್ದು.

ಮೇಳ ನಡೆದ ಶಾಲೆಯ ಹಾಲಿನಲ್ಲಿ ಮಕ್ಕಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಕಿಕ್ಕಿರಿದಿದ್ದರು. ಸೌಮ್ಯ ಮತ್ತು ಅವಳ ಗೆಳತಿ ಕೋಮಲ ತಮ್ಮ ಮೇಜಿನ ಹಿಂದೆ ನಿಂತಿದ್ದರೆ, ಅವರ ವಿಜ್ಞಾನದ ಮೇಷ್ಟ್ರು ಗುರುಪಾದಸ್ವಾಮಿ ಹತ್ತಿರದಲ್ಲೇ ಉಗುರು ಕಚ್ಚುತ್ತಿದ್ದರು. ಇಲ್ಲಿ ಆಯ್ಕೆಯಾದರೆ ಜಿಲ್ಲಾ ಮಟ್ಟ. ಗೋಡೆಯ ಪಕ್ಕದ ಬೆಂಚಿನಲ್ಲಿ ಬೀಗಿತ್ತಿಯರಿಬ್ಬರೂ ರೇಷ್ಮೆ ಸೀರೆಯುಟ್ಟು ಕೂತಿದ್ದರು.

ತೀರ್ಪುಗಾರರಾಗಿ ಬಂದಿದ್ದ ದೀಪ ಮೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ವರದಿಯನ್ನು ಪುಟ ಬಿಡದೆ ಓದಿ, "ಚೆನ್ನಾಗಿ ಬರೆದಿದ್ದೀರಿ. ಎಲ್ಲಿ, ಒಂದು ಅಳೆದು ತೋರಿಸಿ ನೋಡೋಣ. ನಿಮ್ಮೂರಿನದೇ ಆಗಲಿ," ಎಂದರು.

ಕೋಮಲ ಸುರಿದಳು. ಸೌಮ್ಯ ಬಗ್ಗಿ ನೋಡಿದಳು. ಹನ್ನೆರಡು ದಾಟಿತು, ಮೂವತ್ತು ದಾಟಿತು. ಕೊಳವೆ ಕಂಠದವರೆಗೆ ತುಂಬಿದರೂ ತಳದ ಬಿಲ್ಲೆ ಥಳಥಳ ಹೊಳೆಯುತ್ತಿತ್ತು. ಚನ್ನಾಜಮ್ಮ ಬೆಂಚಿನಲ್ಲಿ ಸೆಟೆದು ಕೂತು ಬೀಗಿತ್ತಿಯ ಕಡೆ ಓರೆನೋಟ ಬೀರಿದಳು.

ಮೇಡಂ ಪೇಪರ್ ಪಟ್ಟಿ ಅದ್ದಿದರು. ಹಸಿರು ಬರಲಿಲ್ಲ, ಕಿತ್ತಳೆ ಬಂತು. ಪಿಎಚ್ ನಾಲ್ಕು.

"ವರದಿಯಲ್ಲಿ ಹನ್ನೆರಡು ಸೆಂಟಿಮೀಟರ್, ಪಿಎಚ್ ಎಂಟರ ಹತ್ತಿರ. ಇಲ್ಲಿ ನೋಡಿದರೆ ಒಂದೂ ತಾಳೆಯಾಗುತ್ತಿಲ್ಲ." ಮೇಡಂ ದನಿ ಏರಿಸಲಿಲ್ಲ. "ಕಟ್ಟೆಗೆ ಹೋಗಿದ್ದಿರೋ, ಮನೆಯಲ್ಲಿ ಕೂತು ಬರೆದಿರೋ?"

ಗುರುಪಾದಸ್ವಾಮಿಯವರ ಮುಖ ಬಿಳಿಚಿತು. ಕೋಮಲಳ ಕಣ್ಣಲ್ಲಿ ನೀರು ತುಂಬಿತು. ಚನ್ನಾಜಮ್ಮ ತಿಳಿನೀರು ಕಂಡರೆ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದಳು. ಅದರಿಂದ ಮೊಮ್ಮಗಳಿಗೆ ಸುಳ್ಳಿಯೆಂಬ ಹೆಸರು ಬರುತ್ತದೆಂದು ಆಕೆಯ ಕನಸಿಗೂ ಹೊಳೆದಿರಲಿಲ್ಲ.

ಸೌಮ್ಯ ಅಳಲಿಲ್ಲ. ಕ್ಯಾನು ಎತ್ತಿ ಜೋರಾಗಿ ಕುಲುಕಿ, ಮತ್ತೊಂದು ಸಲ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದಳು.

"ಮೇಡಂ, ಮಣ್ಣು ತಳಕ್ಕೆ ಕೂತಿದ್ದರೆ ಕುಲುಕಿದಾಗ ಮೇಲೆ ಬರಬೇಕಿತ್ತು. ಬರಲಿಲ್ಲ. ಅಂದರೆ ಮಣ್ಣು ಈ ಕ್ಯಾನಿನಲ್ಲೇ ಇಲ್ಲ. ನೀರು ಒಂದು ದಿನ ಇಟ್ಟರೆ ಪಿಎಚ್ ಚೂರುಪಾರು ಬದಲಾಗಬಹುದು, ಎಂಟರಿಂದ ನಾಲ್ಕಕ್ಕೆ ಇಳಿಯಲ್ಲ. ಇದಕ್ಕೆ ಏನೋ ಆಮ್ಲದ ಗುಣ ಇರೋದು ಸೇರಿದೆ. ಮಣ್ಣೂ ಹೋಗಿ, ನೀರೂ ಹುಳಿಯಾಗಬೇಕು ಅಂದರೆ..."

ಅಲ್ಲಿಗೆ ನಿಂತಳು. ನಿಂತು, ಜನರ ತಲೆಗಳ ಮೇಲಿಂದ ಬೆಂಚಿನ ಕಡೆ ನೋಡಿದಳು. ಅಜ್ಜಿ ಮೊಮ್ಮಗಳ ಕಣ್ಣು ಕೂಡಿದವು. ಹುಡುಗಿಗೆ ಗೊತ್ತಾಗಿಹೋಯಿತು.

"...ಪಟಿಕ ಬಿದ್ದಿರಬೇಕು ಮೇಡಂ. ಹೇಗೆ ಬಿತ್ತೋ ಹೇಳಲಾರೆ. ನಾನು ಕಾಯಬೇಕಿತ್ತು, ಕಾಯಲಿಲ್ಲ. ತಪ್ಪು ನನ್ನದೇ."

ಅಜ್ಜಿಯ ಮಾನ ಉಳಿಸಲು ಈ ಚೋಟುದ್ದದ ಹುಡುಗಿ ತನ್ನ ತಲೆಯ ಮೇಲೆ ತಪ್ಪು ಹೊತ್ತುಕೊಳ್ಳುತ್ತಿದ್ದಾಳೆ! ಪಕ್ಕದಲ್ಲಿ ಲಕ್ಷ್ಮಿದೇವಿ ಇದ್ದಾಳೆ ಎಂಬುದನ್ನೂ ಮರೆತು ಚನ್ನಾಜಮ್ಮ ದಡಕ್ಕನೆ ಎದ್ದಳು.

"ಅವ್ಳಲ್ಲ ಕಣವ್ವ, ನಾನು! ನಾನೇ ಆಕ್ದೋಳು. ನಮ್ ಕಟ್ಟೆ ನೀರು ಬಗ್ಗಡ ಅಂತ ಎಲ್ರೂ ಆಡ್ಕತರೆ ಅಂತ ಪಟಿಕ ಕುಟ್ಟಿ ಸುರುದ್ಬುಟ್ಟೆ. ಮಗೀಗೆ ಒಂದೂ ಗೊತ್ತಿಲ್ಲ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. "ಅಜ್ಜಿ, ಮೊಮ್ಮಗಳನ್ನ ಉಳಿಸೋಕೆ ಹೀಗೆ ಹೇಳ್ತಿದ್ದೀರಿ ಅಂತ ಯಾರಾದರೂ ಅಂದರೆ?"

"ಅಂದ್ರೆ ಮಾಡಿ ತೋರ್ಸ್ತೀನಿ ಮೇಡಂ," ಎಂದಳು ಸೌಮ್ಯ, ಅವಸರಕ್ಕೆ ಊರ ಮಾತೇ ಬಾಯಿಗೆ ಬಂದು. "ಒಸಿ ಪಟಿಕ ಸಿಕ್ಕುದ್ರೆ ಸಾಕು."

ಪಟಿಕ ಎಲ್ಲಿ ಸಿಗುತ್ತದೆಂದು ಚನ್ನಾಜಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶಾಲೆಯ ಎದುರಿಗೇ ಒಂದು ಕಟಿಂಗ್ ಶಾಪಿತ್ತು. ಹುಟ್ಟಿದಾಗಿನಿಂದ ಅಂಥ ಅಂಗಡಿಯ ಹೊಸ್ತಿಲು ತುಳಿಯದ ಹೆಂಗಸು, ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು ರಸ್ತೆ ದಾಟಿ ಒಳಗೆ ನುಗ್ಗಿದಳು. ಕುರ್ಚಿಯ ಮೇಲೆ ಮುಖವೆಲ್ಲ ನೊರೆಯಾಗಿ ಕೂತಿದ್ದ ಗಿರಾಕಿ ಬೆಚ್ಚಿಬಿದ್ದ. "ಒಂದ್ ಚೂರು ಪಟಿಕ ಮುರ್ಕೊಡಪ್ಪ, ಬೇಗ," ಎಂದು ಕೈಯೊಡ್ಡಿದಳು.

ಕುಟ್ಟಿದ ಪಟಿಕದೊಂದಿಗೆ ಪ್ರಯೋಗ ನಡೆಯಿತು. ತಮ್ಮೂರ ಬಗ್ಗಡದ ನೀರು ಉಳಿದಿರಲಿಲ್ಲವಾದ್ದರಿಂದ ಸೌಮ್ಯ ಯಳಂದೂರಿನ ನೀರನ್ನೇ ಎರಡು ಲೋಟಕ್ಕೆ ಹಂಚಿ, ಒಂದಕ್ಕೆ ಮಾತ್ರ ಪುಡಿ ಹಾಕಿ ಕಲಕಿದಳು. ಪಟ್ಟಿ ಅದ್ದಿದೊಡನೆ ಪುಡಿ ಹಾಕಿದ್ದು ಕಿತ್ತಳೆಗೆ ತಿರುಗಿತು, ಹಾಕದ್ದು ಹಸಿರಾಗಿಯೇ ಉಳಿಯಿತು. ಮಣ್ಣಿನ ಸಣ್ಣ ಸಣ್ಣ ಕಣಗಳು ಕೂಡಿಕೊಂಡು ಇಳಿಯತೊಡಗಿದವು. ಮೇಡಂ ಉಳಿದ ಮೇಜುಗಳನ್ನೆಲ್ಲ ನೋಡಿ ಮರಳುವಷ್ಟರಲ್ಲಿ ಆ ಲೋಟ ತಿಳಿಯಾಗಿತ್ತು.

"ಕಟ್ಟೆಯಲ್ಲಿ ಅಳೆದ ಅಂಕಿಯೇ ಸರಿ. ಕ್ಯಾನಿನ ಅಂಕಿ ಕಟ್ಟೆಯದಲ್ಲ," ಎಂದರು ಮೇಡಂ. "ಇಲ್ಲಿ ಆದದ್ದನ್ನೂ ವರದಿಗೆ ಸೇರಿಸಿ. ಹೊಳೆಯೋ ನೀರೆಲ್ಲ ಒಳ್ಳೆ ನೀರಲ್ಲ ಅಂತ ಇಷ್ಟು ಚೆನ್ನಾಗಿ ತೋರಿಸಿದ್ದನ್ನ ನಾನು ನೋಡಿರಲಿಲ್ಲ."

ಸೌಮ್ಯ ಅಲ್ಲೇ ಕೂತು ಬರೆದಳು. ಪೊಲೀಸಿನವರಂತೆ ಅಜ್ಜಿಯನ್ನು ಒಂದೊಂದೇ ಕೇಳಿದಳು: ಗಟ್ಟಿ ಎಷ್ಟು ದಪ್ಪ ಇತ್ತು, ಎಷ್ಟು ಹೊತ್ತು ಬಿಟ್ಟಿದ್ದು, ಮಣ್ಣು ಎಲ್ಲಿಗೆ ಚೆಲ್ಲಿದ್ದು. ಚನ್ನಾಜಮ್ಮ ತಲೆ ತಗ್ಗಿಸಿ ಉತ್ತರ ಕೊಟ್ಟಳು. ಇಡೀ ಊರನ್ನು ಗದರಿಸುವ ಆಕೆಯನ್ನು ಹೀಗೆ ಗದರಿಸುವವರು ಇದುವರೆಗೆ ಹುಟ್ಟಿರಲಿಲ್ಲ, ಹುಟ್ಟಿದ್ದು ತಮ್ಮ ಮನೆಯಲ್ಲೇ ಎಂದು ಒಳಗೊಳಗೇ ಹೆಮ್ಮೆ ಉಕ್ಕುತ್ತಿತ್ತು.

"ಯಾರು ಆಕಿದ್ದು ಅಂತ ಎಸ್ರು ಬರೀಲಾ ಅಜ್ಜಿ, ಬ್ಯಾಡ್ವಾ?"

"ಬರಿ ಕಣವ್ವ. ಚನ್ನಾಜಮ್ಮ ಅಂತ ಪೂರ್ತಿ ಬರಿ."

ಸಂಜೆ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದವರ ಹೆಸರು ಕೂಗಿದಾಗ ಸೌಮ್ಯ, ಕೋಮಲ ಎಂದು ಮೊದಲೇ ಬಂತು. ಗುರುಪಾದಸ್ವಾಮಿ ಮೇಷ್ಟ್ರು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪು ಮಾಡಿಕೊಂಡರು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಲಕ್ಷ್ಮಿದೇವಿಗೆ ತಡೆಯಲಾಗಲಿಲ್ಲ.

"ಏನೇ ಆಗ್ಲಿ ಬೀಗ್ತಮ್ಮ, ಮೂರ್ರಲ್ಲೂ ನಿಮ್ ಕಟ್ಟೇನೇ ಬಗ್ಗಡ ಅಂತ ಆಯ್ತಲ್ಲ."

ಚನ್ನಾಜಮ್ಮ ನಿಂತಳು. ಮುಂದೆ ಕೊಳವೆಯನ್ನು ಹೆಗಲಿಗಿಟ್ಟು ಹೋಗುತ್ತಿದ್ದ ಮೊಮ್ಮಗಳನ್ನು ಒಮ್ಮೆ ನೋಡಿ, ರಸ್ತೆಯವರಿಗೆಲ್ಲ ಕೇಳುವಂತೆ ದನಿಯೆತ್ತಿದಳು.

"ಊಂ ಕಣ್ರಿ, ನಮ್ದೇ ಬಗ್ಗಡ! ಅನ್ನೆರ್ಡೇ ಸೆಂಟಿಮೀಟ್ರು. ಅಳ್ದೋಳು ನನ್ ಮೊಮ್ಮಗಳು."