ಮೂರು ಬೆರಳಗಲದ ಒಣ ಜಾಗ

ಬ್ಯಾಟರಿ ಸೆಲ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪೋಸ್ಟ್‌ಮಾರ್ಟಂ ಅಕ್ಕ ಎನ್ನುತ್ತಿದ್ದರು. ಕೆಟ್ಟ ಸೆಲ್ಲುಗಳನ್ನು ಬಿಚ್ಚಿ, ಯಾಕೆ ಕೆಟ್ಟವು ಎಂದು ವರದಿ ಬರೆಯುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳ ವರದಿಯನ್ನು ಯಾರೂ ಪ್ರಶ್ನಿಸಿರಲಿಲ್ಲ, ಅದರ ಜಂಬ ಅವಳ ನಡಿಗೆಯಲ್ಲೇ ಇತ್ತು. ಅಂಥವಳು ಕಳೆದ ವಾರ ಒಡಹುಟ್ಟಿದ ತಂಗಿಯ ತಲೆಯ ಮೇಲೆ ಗೂಬೆ ಕೂರಿಸಿದ್ದಳು.

ಚಾರ್ಜಿಂಗ್ ಕೋಣೆಯಲ್ಲಿ ನಾಲ್ಕು ಸೆಲ್ಲುಗಳು ಉಬ್ಬಿ ಹೊತ್ತಿಕೊಂಡು ಒಬ್ಬ ಕೆಲಸಗಾರನ ಎರಡೂ ಕೈ ಸುಟ್ಟಿದ್ದವು. ಅದೇ ಬ್ಯಾಚಿನ ಒಂಬತ್ತು ಸೆಲ್ಲುಗಳನ್ನು ಅಕ್ಕ ಬಿಚ್ಚಿದಳು. ಆನೋಡ್ ಮತ್ತು ಕ್ಯಾಥೋಡ್ ಹಾಳೆಗಳ ನಡುವೆ ಇರುವ ತೆಳು ಪ್ಲಾಸ್ಟಿಕ್ ಪರದೆಯಲ್ಲಿ, ಅಂದರೆ ಸೆಪರೇಟರ್‌ನಲ್ಲಿ, ಸೂಜಿಮೊನೆಯಂಥ ತೂತುಗಳು. ಎರಡು ಹಾಳೆ ಒಂದನ್ನೊಂದು ಮುಟ್ಟದಂತೆ ಕಾಯುವುದೇ ಆ ಪರದೆ. ಅದು ತೂತಾದರೆ ಒಳಗೇ ಶಾರ್ಟ್ ಆಗಿ ಬೆಂಕಿ. ಪರದೆಯನ್ನು ಮಡಚಿ ಹಾಳೆ ಜೋಡಿಸುವ ಯಂತ್ರ ನಡೆಸುವವಳು ತಂಗಿ. 'ಜೋಡಿಸುವಾಗ ಸೆಪರೇಟರ್‌ಗೆ ಹಾನಿ' ಎಂದು ಅಕ್ಕ ಬರೆದಳು. ಸಹಿ ಹಾಕಿದಳು. ಊಟಕ್ಕೆ ಹೋದಳು.

ಇವತ್ತು ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಅದು ಮುಗಿದರೆ ತಂಗಿಯ ಕೆಲಸವೂ ಮುಗಿಯಿತು. ಕೈ ಸುಟ್ಟವನ ಹೆಂಡತಿ ಆಗಲೇ ಗೇಟಿನ ಹತ್ತಿರ ನಿಂತು ತಂಗಿಗೆ ಹಿಡಿಶಾಪ ಹಾಕಿದ್ದಳು.

ಬೆಳಗ್ಗೆ ಏಳಕ್ಕೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತಂಗಿ ತನ್ನ ಕಪಾಟಿನಿಂದ ಚಪ್ಪಲಿ, ಬಾಚಣಿಗೆ, ನೀರಿನ ಬಾಟಲಿಯನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಅಕ್ಕ ಒಳಗೆ ಬಂದದ್ದನ್ನು ನೋಡಿ ಬಾಚಣಿಗೆಯನ್ನು ಡಬ್ಬಕ್ಕೆ ಎಸೆದಳು.

"ಬಾರಮ್ಮಾ, ಬಾ. ನನ್ನ ಕರುಳೂ ಬಿಚ್ಚಿ ನೋಡ್ತೀಯೇನು?"

"ತೂತು ಇದ್ದದ್ದನ್ನ ಬರೆದೆ. ಇಲ್ಲದ್ದನ್ನ ಬರೀಲಿಲ್ಲ."

"ನನ್ನ ರೋಲರ್ ಗೀಚಿದ್ರೆ ಒಂದೇ ಅಂತರದಲ್ಲಿ, ಸಾಲಾಗಿ ಗೀಚುತ್ತೆ. ನಿನ್ನ ವರದಿಯ ಫೋಟೋದಲ್ಲಿ ತೂತುಗಳು ಬಳೆ ಥರ ಸುತ್ತ ಇವೆ. ಹನ್ನೊಂದು ವರ್ಷದ ಕಣ್ಣಿಗೆ ಅದು ಕಾಣ್ಲಿಲ್ವಾ?"

"ನನಗೆ ಕೆಲಸ ಕಲಿಸೋಕೆ ಬರಬೇಡ."

"ಕಲಿಸೋದೇನು ಬಂತು! ನೀನು ನೋಡೋದೆಲ್ಲ ಹೆಣಾನೇ. ಚಾರ್ಜ್ ಪೂರ್ತಿ ಇಳಿಸಿ, ಜೀವ ತೆಗೆದು, ಆಮೇಲೆ ಬಿಚ್ಚುತ್ತೀಯ. ಜೀವ ಇರೋ ಸೆಲ್ ಹೇಗಿರುತ್ತೆ ಅಂತ ಒಂದ್ಸಲ ನೋಡಿದೀಯಾ?"

ಅಕ್ಕನಿಗೆ ಮೈ ಉರಿದುಹೋಯಿತು. ಬಾಗಿಲು ಬಡಿದುಕೊಂಡು ತನ್ನ ಕೋಣೆಗೆ ಬಂದಳು. ಬಂದವಳು ಆ ಫೋಟೋಗಳನ್ನು ಮೇಜಿನ ಮೇಲೆ ಹರವಿದಳು. ತಂಗಿ ಹೇಳಿದ್ದು ನಿಜ. ಪ್ರತಿ ಪರದೆಯ ನಡುವೆ, ತೂತುಗಳು ಬಳೆಯಾಕಾರದಲ್ಲಿ. ಅದೇ ಜಾಗದಲ್ಲಿ ಆನೋಡಿನ ಮೇಲೊಂದು ಬೂದು ಗೆರೆ. ಅದನ್ನು ತೂತಿನಿಂದಾದ ಕಲೆ ಎಂದುಕೊಂಡು ಅವಳು ಬಿಟ್ಟಿದ್ದಳು.

ಚಾರ್ಜ್ ಇಳಿಸದೆ ಸೆಲ್ ಬಿಚ್ಚಬಾರದು ಎನ್ನುವುದು ಆ ಕೋಣೆಯ ಮೊದಲ ನಿಯಮ. ತುಂಬಿದ ಸೆಲ್ಲಿನಲ್ಲಿ ಚಾಕು ಜಾರಿದರೆ ಸಾಕು, ಬೆಂಕಿ. ಅವಳು ನಿಯಮ ಮಾಡಿದವರನ್ನು ಮನಸ್ಸಿನಲ್ಲೇ ಬೈದುಕೊಂಡು, ಅದೇ ಬ್ಯಾಚಿನ ಹತ್ತನೆಯ ಸೆಲ್ಲನ್ನು ಉಗ್ರಾಣದಿಂದ ತಂದು ಚಾರ್ಜಿಗೆ ಹಾಕಿದಳು.

ಕ್ಯಾಥೋಡಿನಲ್ಲಿರುವ ಲಿಥಿಯಂ ಚಾರ್ಜಾಗುವಾಗ ಅಲ್ಲಿಂದ ಹೊರಟು, ಎಲೆಕ್ಟ್ರೋಲೈಟ್ ದ್ರವದಲ್ಲಿ ಈಜಿ, ಪರದೆಯ ಸಣ್ಣ ರಂಧ್ರಗಳನ್ನು ದಾಟಿ ಆನೋಡಿನ ಗ್ರಾಫೈಟ್ ಪದರಗಳೊಳಗೆ ಸೇರುತ್ತದೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯಿಂದ ಬಳಸಿಕೊಂಡು ಬರುತ್ತವೆ. ಸೆಲ್ ಬಳಸುವಾಗ ಎಲ್ಲವೂ ತಿರುಗಿ ಹೋಗುತ್ತವೆ. ಇಷ್ಟನ್ನು ಅವಳು ನಿದ್ದೆಗಣ್ಣಿನಲ್ಲೂ ಹೇಳಬಲ್ಲಳು. ಲಿಥಿಯಂ ತುಂಬಿದ ಗ್ರಾಫೈಟ್ ಚಿನ್ನದ ಬಣ್ಣಕ್ಕೆ ತಿರುಗುತ್ತದೆ ಎಂದೂ ಓದಿದ್ದಳು. ಕಂಡಿರಲಿಲ್ಲ. ಅವಳ ಮೇಜಿಗೆ ಬಂದದ್ದೆಲ್ಲ ಬರಿದಾದ ಕಪ್ಪು ಹಾಳೆಗಳೇ.

ಮಧ್ಯಾಹ್ನದ ಹೊತ್ತಿಗೆ ಸೆಲ್ ತುಂಬಿತು. ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಅದನ್ನಿಟ್ಟು, ಪೆಟ್ಟಿಗೆಗೆ ಅಂಟಿದ ದಪ್ಪ ಕೈಗವಸಿನಲ್ಲಿ ಕೈ ತೂರಿಸಿದಳು. ಭಯವಾಗಿತ್ತು, ಅದನ್ನು ತನಗೆ ತಾನೇ ಒಪ್ಪಿಕೊಂಡಳು. ಪಿಂಗಾಣಿ ಚಾಕುವಿನಿಂದ ಅಂಚನ್ನು ಸೀಳಿ, ಎರಡು ಹಾಳೆ ಒಟ್ಟಿಗೆ ಕತ್ತರಿಸದಂತೆ ಉಸಿರು ಬಿಗಿಹಿಡಿದು, ಪರದೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು.

ಆನೋಡ್ ಹೊಳೆಯುವ ಚಿನ್ನದ ಬಣ್ಣಕ್ಕೆ ತಿರುಗಿತ್ತು. ನಟ್ಟನಡುವೆ ಮಾತ್ರ ಮೂರು ಬೆರಳಗಲದ ಕಪ್ಪು ಮಚ್ಚೆ. ಮಚ್ಚೆಯ ಅಂಚಿಗೆ ಬೆಳ್ಳಿಯ ಬಣ್ಣದ ಲೋಹ ಪಾಚಿಯಂತೆ ಹತ್ತಿಕೊಂಡಿತ್ತು.

ಅವಳಿಗೆ ಕೂಡಲೇ ಅರ್ಥವಾಯಿತು. ಅಲ್ಲಿಗೆ ದ್ರವ ಹೋಗಿರಲೇ ಇಲ್ಲ. ಅಂಚಿನಿಂದ ಇಂಗುತ್ತ ಬರುವ ಎಲೆಕ್ಟ್ರೋಲೈಟ್ ನಡುವಿಗೆ ತಲುಪುವುದು ಕೊನೆಗೆ. ಬೇಗ ಮುಚ್ಚಿ ಚಾರ್ಜಿಗೆ ಹಾಕಿದರೆ ಒಳಗೆ ಅನಿಲದ ಗುಳ್ಳೆ ಸಿಕ್ಕಿಕೊಂಡು ಆಮೇಲೂ ದಾರಿ ಬಿಡುವುದಿಲ್ಲ. ಒಣ ಜಾಗದ ಪಾಲಿನ ಹೊರೆ ಅದರ ಅಂಚಿನ ಮೇಲೆ ಬೀಳುತ್ತದೆ. ಗ್ರಾಫೈಟಿನೊಳಗೆ ಸೇರಲಾರದ ಲಿಥಿಯಂ ಮೇಲೆಯೇ ಲೋಹವಾಗಿ ಬೆಳೆದು, ಮುಳ್ಳಾಗಿ ಪರದೆಯನ್ನು ಚುಚ್ಚುತ್ತದೆ. ಅವಳು ಕಲೆ ಎಂದುಕೊಂಡ ಬೂದು ಗೆರೆ ಆ ಲೋಹದ್ದೇ. ತೂತು ಹೊರಗಿನಿಂದ ಬಂದದ್ದಲ್ಲ. ಸೆಲ್ಲೇ ಒಳಗಿನಿಂದ ಮಾಡಿಕೊಂಡದ್ದು. ಚಾರ್ಜ್ ಇಳಿಸಿದಾಗ ಚಿನ್ನವೂ ಕಪ್ಪಾಗಿ, ಮಚ್ಚೆ ಅದರೊಳಗೆ ಮರೆಯಾಗುತ್ತಿತ್ತು.

ಎರಡೂವರೆಗೆ ಅವಳು ಮಚ್ಚೆಯ ಫೋಟೋ ಹಿಡಿದು ಮ್ಯಾನೇಜರ್ ಕೋಣೆಗೆ ನುಗ್ಗಿದಳು. ಎಲ್ಲ ಕೆಲಸದಲ್ಲೂ ಹೊತ್ತು ಕತ್ತರಿಸುವವನೆಂದು ಅವನಿಗೆ ಕತ್ತರಿ ಎಂದೇ ಅಡ್ಡಹೆಸರು.

"ದ್ರವ ಇಂಗೋಕೆ ಇಪ್ಪತ್ನಾಲ್ಕು ಗಂಟೆ ಬಿಡ್ತಿದ್ವಿ. ಹತ್ತಕ್ಕೆ ಇಳಿಸಿದ್ದು ನೀವು. ಬೆಂಕಿ ಹಚ್ಚಿದ್ದೂ ನೀವೇ!"

ಕತ್ತರಿ ನಕ್ಕ. ಖಾನೆಯಿಂದ ಒಂದು ಹಾಳೆ ತೆಗೆದು ಅವಳ ಮುಂದೆ ತಳ್ಳಿದ. "ನಾನು ಇಳಿಸಿದ್ದು ಯಾರ ಮಾತಿನ ಮೇಲೆ ಅಂತ ಓದಿ."

'ಹತ್ತು ಗಂಟೆ ಇಂಗಿಸಿದ ಆರು ಸೆಲ್ ಬಿಚ್ಚಿ ನೋಡಲಾಯಿತು. ವ್ಯತ್ಯಾಸವಿಲ್ಲ.' ಕೆಳಗೆ ಅವಳದೇ ಸಹಿ. ಆ ಆರನ್ನೂ ನಿಯಮದಂತೆ ಚಾರ್ಜ್ ಇಳಿಸಿ ಬಿಚ್ಚಿದ್ದಳು. ಎಲ್ಲ ಒಂದೇ ಕಪ್ಪು ಕಂಡಿತ್ತು.

"ಸೆಪರೇಟರ್ ತೂತು ಅಂತ ವರದಿ ಇದೆ, ಇರಲಿ," ಎಂದ ಕತ್ತರಿ. "ಇಂಗಿಸೋ ಹೊತ್ತನ್ನ ನಾಳೆಯಿಂದ ಸದ್ದಿಲ್ಲದೆ ಮತ್ತೆ ಇಪ್ಪತ್ನಾಲ್ಕಕ್ಕೆ ಏರಿಸ್ತೀನಿ. ನಿಮ್ಮ ತಂಗಿಗೆ ಇನ್ನೆಲ್ಲಾದ್ರೂ ಕೆಲಸ ಸಿಗುತ್ತೆ. ಸುಳ್ಳು ಪರೀಕ್ಷಾ ವರದಿ ಬರೆದ ನಿಮಗೆ ಯಾರು ಕೊಡ್ತಾರೆ?"

"ಸುಳ್ಳು ಬರೆದಿಲ್ಲ."

"ಕೈ ಸುಟ್ಟವನ ಹೆಂಡತಿಗೆ ಹೇಳಿ ನೋಡಿ."

ಆ ಒಂದು ಕ್ಷಣ ಅವಳಿಗೆ ಸುಮ್ಮನಿರಬೇಕು ಅನಿಸಿತು. ತಂಗಿ ಚಿಕ್ಕವಳು, ಹೇಗೋ ಬದುಕಿಕೊಳ್ಳುತ್ತಾಳೆ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಾಳೆಯನ್ನು ಎತ್ತಿಕೊಂಡು ನೇರ ವಿಚಾರಣೆಯ ಕೋಣೆಗೆ ಹೋದಳು. ಹಿಂದಿನಿಂದ ಕತ್ತರಿ ಕೂಗುತ್ತಲೇ ಇದ್ದ.

ಎಲ್ಲರ ಮುಂದೆ ನಿಂತು ಹಳೆಯ ವರದಿ ತಪ್ಪು ಎಂದಳು. ಕಪ್ಪು ಮಚ್ಚೆ ತೋರಿಸಿದಳು. ಆಮೇಲೆ ಆ ಹಾಳೆಯನ್ನೂ ಮೇಜಿನ ಮೇಲಿಟ್ಟು, "ಇದಕ್ಕೆ ಸಹಿ ಹಾಕಿದ್ದು ನಾನೇ," ಎಂದಳು. ಅರ್ಧ ಗಂಟೆಯಲ್ಲಿ ತಂಗಿಯ ಮೇಲಿನ ದೂರು ಬಿದ್ದುಹೋಯಿತು, ಕತ್ತರಿಗೆ ನೋಟಿಸು ಬಂತು, ಅಕ್ಕನ ಕೋಣೆಯ ಬೀಗದ ಕೈ ಕಿತ್ತುಕೊಂಡರು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತಂಗಿ ಡಬ್ಬದಿಂದ ಸಾಮಾನು ತೆಗೆದು ಮತ್ತೆ ಕಪಾಟಿಗೆ ಜೋಡಿಸುತ್ತಿದ್ದಳು. ಅಕ್ಕ ತನ್ನ ಕಪಾಟು ತೆರೆದಳು.

"ನನ್ನ ಮೇಲೆ ಆ ವರದಿ ಬರೆಯೋಕೆ ನಿನಗೆ ಎಷ್ಟು ಹೊತ್ತು ಹಿಡೀತು?" ಎಂದಳು ತಂಗಿ, ತಿರುಗದೆ.

"ಹತ್ತು ನಿಮಿಷ."

"ಊಟಕ್ಕೆ ಮುಂಚೆ."

"ಹೌದು. ಊಟಕ್ಕೆ ಮುಂಚೆ."

ತಂಗಿ ಕೊನೆಗೆ ಬಾಚಣಿಗೆಯನ್ನೂ ತೆಗೆದುಕೊಂಡಳು. ಖಾಲಿಯಾದ ರಟ್ಟಿನ ಡಬ್ಬವನ್ನು ಕಾಲಿನಿಂದ ಅಕ್ಕನ ಕಡೆಗೆ ನೂಕಿದಳು.

"ತಗೋ," ಎಂದಳು. "ನನಗಿನ್ನು ಬೇಡ."