ಐವತ್ತೊಂದನೇ ಬಿಲ್ಲು

ಮಧ್ಯಾಹ್ನ ಎರಡು ಗಂಟೆ. ಅಂಗಡಿಯ ಮುಂದೆ ನಿರಂಜನಣ್ಣನ ಗಾಡಿ ಇಂಜಿನ್ ಆಫ್ ಮಾಡದೆ ನಿಂತಿತ್ತು. ಪೈಪು ಹೇರಿ ಆಗಿತ್ತು, ಹಗ್ಗ ಬಿಗಿದೂ ಆಗಿತ್ತು. ಬಾಕಿ ಇದ್ದದ್ದು ಬಿಲ್ಲು ಒಂದೇ. ಅದನ್ನು ಹಾಕಲು ಹೋದರೆ ನನ್ನ ಮೊಬೈಲಿನ ಪರದೆ ಮೇಲೆ ಕೆಂಪು ಪಟ್ಟಿ ಬಂತು: ಈ ತಿಂಗಳ ಐವತ್ತು ಬಿಲ್ಲು ಮುಗಿದಿವೆ, ಮುಂದುವರಿಯಲು ಪ್ಲಾನ್ ಬದಲಿಸಿ.

ಆವತ್ತು ಇನ್ನೂ ಒಂಬತ್ತನೇ ತಾರೀಖು.

ನಮ್ಮದು ಹೊಸದುರ್ಗದಲ್ಲಿ ಪೈಪು, ನಲ್ಲಿ, ಪಂಪಿನ ಸಾಮಾನಿನ ಅಂಗಡಿ. ಅಪ್ಪ ಹೋದ ಮೇಲೆ ನಾನು, ನಮ್ಮವ್ವ ಬರಗೇರಮ್ಮ ಇಬ್ಬರೇ ನಡೆಸುತ್ತಿದ್ದೇವೆ. ನಿರಂಜನಣ್ಣ ಹೊಳಲ್ಕೆರೆಯ ಕಂಟ್ರಾಕ್ಟರು. ಮೂರು ಶಾಲೆಗಳಿಗೆ ನೀರಿನ ಲೈನು ಎಳೆಯುವ ಕೆಲಸ ಹಿಡಿದಿದ್ದ, ಮೊದಲನೆಯದು ಮಾಡದಕೆರೆಯಲ್ಲಿ. ಮೂರಕ್ಕೂ ನಮ್ಮಲ್ಲೇ ಪೈಪು ಕೊಂಡರೆ ನಮ್ಮ ವರ್ಷ ದಾಟುತ್ತದೆ. ಬಿಟ್ಟರೆ ಚಿತ್ರದುರ್ಗದಲ್ಲಿ ಇಂಥ ಅಂಗಡಿ ಹತ್ತಿವೆ.

"ಏನಪ್ಪ ಪರಮೇಶಿ, ಬಿಲ್ಲು ಹಾಕಾಕೂ ಮುಹೂರ್ತ ನೋಡ್ತೀಯೇನು? ನಾಲ್ಕು ಗಂಟೆಗೆ ಶಾಲೆ ಕೆಲ್ಸದ ದುಡ್ಡು ಪಾಸು ಮಾಡೋ ಆಫೀಸ್ನಾಗೆ ಕಾಗದ ತಗಳಾದು ನಿಲ್ಸ್ತಾರೆ," ಅಂದ ನಿರಂಜನಣ್ಣ.

"ಎರಡು ನಿಮಿಷ ಕುಂತ್ಕಳ್ರಣ್ಣ."

ಗೋದಾಮಿನ ಕಡೆಗೆ ಹೋಗಿ ಪ್ರದೀಪನಿಗೆ ಫೋನು ಹಚ್ಚಿದೆ. ಈ ಲೆಕ್ಕದ ಸಾಫ್ಟ್‌ವೇರನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟವನು ಅವನೇ.

"ಲೇ, ಫ್ರೀ ಅಂದಿದ್ದಲ್ಲೋ!"

"ಫ್ರೀನೇ ಅಣ್ಣ. ತಿಂಗಳಿಗೆ ಐವತ್ತರವರೆಗೆ ಫ್ರೀ."

"ಐವತ್ತು ಎಲ್ಲಿ ಹಾಕೀನಿ? ಅರ್ಧಕ್ಕರ್ಧ ಅಳಿಸೀನಿ."

"ಅಳ್ಸಿದ್ರೂ ಲೆಕ್ಕಕ್ಕೆ ಬರ್ತೈತಣ್ಣ. ಎಷ್ಟು ಉಳ್ಕಂಡ್ವು ಅಂತ ಅದು ನೋಡಲ್ಲ, ಎಷ್ಟು ಹುಟ್ಟಿದ್ವು ಅಂತ ನೋಡ್ತೈತೆ. ಒಂದು ಕೆಲ್ಸ ಮಾಡು, ಮೇಲಿನ ಪ್ಲಾನೇ ತಗ. ಬಿಲ್ಲಿಗೆ ಲೆಕ್ಕ ಇಲ್ಲ, ಐದು ಜನ ಲಾಗಿನ್ ಆಗ್ಬೋದು, ಐದು ಬ್ಯಾಂಕು ಜೋಡಿಸ್ಬೋದು. ವರ್ಷಕ್ಕೆ ಒಂಬತ್ತು ಸಾವಿರದ ಆರ್ನೂರು, ಮೇಲೆ ಜಿಎಸ್‌ಟಿ."

"ನಾವಿರೋದು ಇಬ್ರು! ಐದು ಜನನ್ನ ಎಲ್ಲಿಂದ ತರ್ಲಿ, ಬಾಡಿಗೆಗಾ?"

"ಹಂಗಾರೆ ನಡುವಿಂದು ತಗ. ನಾಕು ಸಾವಿರದ ಎಂಟ್ನೂರು. ತಿಂಗಳಿಗೆ ಐನೂರು ಬಿಲ್ಲು, ಮೂರು ಜನ, ಒಂದು ಬ್ಯಾಂಕು."

"ಒಂದು ತಿಂಗಳಿಗೆ ಮಾತ್ರ ಕೊಡು."

"ತಿಂಗಳ ಲೆಕ್ಕ ಇಲ್ಲಣ್ಣ, ವರ್ಷದ್ದೇ."

ಫೋನು ಕಟ್ ಮಾಡಿದೆ. ತೆರಿಗೆ ಸೇರಿದರೆ ಐದು ಸಾವಿರದ ಆರುನೂರ ಅರವತ್ತನಾಲ್ಕು. ನಿರಂಜನಣ್ಣನ ಈ ಲೋಡಿನಲ್ಲಿ ನನಗೆ ಉಳಿಯುವುದು ಮೂರು ಸಾವಿರ. ಮೈಯೆಲ್ಲ ಉರಿಯಿತು. ದುಡಿಯುವವನು ನಾನು, ನನ್ನ ಬಿಲ್ಲಿಗೆ ಬೇಲಿ ಹಾಕುವವನು ಎಲ್ಲಿಯೋ ಎಸಿಯಲ್ಲಿ ಕೂತವನು.

ಆಗಲೇ ಆ ಬುದ್ಧಿ ಬಂತು. ಹೊಸ ಬಿಲ್ಲು ಹುಟ್ಟಿಸಲು ಬಿಡದಿದ್ದರೂ ಹಳೆಯದನ್ನು ತಿದ್ದಲು ಬಿಡುತ್ತಿತ್ತು. ಐದನೇ ತಾರೀಖಿನ ಮೂವತ್ತೊಂದನೇ ನಂಬರಿನ ಬಿಲ್ಲು ತೆರೆದೆ. ನೂರ ನಲವತ್ತು ರೂಪಾಯಿಯದು, ಯಾರೋ ಒಯ್ದ, ಪೈಪು ಜೋಡಿಸುವ ಕಪ್ಲಿಂಗಿನದು. ಹೆಸರು ಅಳಿಸಿ ನಿರಂಜನಣ್ಣನ ಹೆಸರು ಹಾಕಿದೆ, ಅವನ ಜಿಎಸ್‌ಟಿ ನಂಬರು ಹಾಕಿದೆ, ತಾರೀಖು ಬದಲಿಸಿದೆ, ಪೈಪು ತುಂಬಿದೆ. ಮೂವತ್ತೊಂಬತ್ತು ಸಾವಿರದ ಇನ್ನೂರು, ತೆರಿಗೆ ಸೇರಿ ನಲವತ್ತಾರು ಸಾವಿರದ ಇನ್ನೂರ ಐವತ್ತಾರು. ಪ್ರಿಂಟು ಬಂತು. ಗೆದ್ದೆ ಅನ್ನಿಸಿತು.

ನಿರಂಜನಣ್ಣ ಕಾಗದ ಮಡಚಿ ಜೇಬಿಗಿಟ್ಟ. ಪೈಪಿನ ಗಾಡಿಯನ್ನು ಮಾಡದಕೆರೆಗೆ ಕಳಿಸಿ, ತಾನು ಬೈಕಿನಲ್ಲಿ ಆಫೀಸಿನ ಕಡೆಗೆ ಹೋದ.

ಹತ್ತು ನಿಮಿಷ ಆಗಿರಲಿಲ್ಲ. ಮತ್ತೋಡಿನ ಹನುಮಮ್ಮ ಬಂದು ಕೌಂಟರಿನ ಮೇಲೆ ಎರಡು ಕಪ್ಲಿಂಗು, ಒಂದು ಬಿಲ್ಲಿನ ಚೀಟಿ ಇಟ್ಟಳು.

"ಇದು ಬಿಗಿ, ಇದು ಸಡ್ಲ ಕಣಕ್ಕ ಬರಗೇರಮ್ಮ. ನಡುವಿಂದು ಕುಂತ್ಕಂತು. ಇವೆರಡು ವಾಪಸ್ ತಗಳವ್ವ."

ನಮ್ಮ ಅಂಗಡಿಯ ಪದ್ಧತಿ ಅದು, ಅಪ್ಪನ ಕಾಲದ್ದು. ಹಳ್ಳಿಯವರಿಗೆ ತಮ್ಮ ಮನೆಯ ಪೈಪಿನ ಸೈಜು ಗೊತ್ತಿರುವುದಿಲ್ಲ. ಮೂರು ಸೈಜು ಒಯ್ದು, ಕೂತದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಚೀಟಿ ಸಮೇತ ತಂದು ದುಡ್ಡು ವಾಪಸ್ ಪಡೆಯುತ್ತಾರೆ. ಅಪ್ಪ ಹಾಳೆ ಹರಿದು ಚೀಟಿ ಬರೆಯುತ್ತಿದ್ದ. ನಾನು ಸಾಫ್ಟ್‌ವೇರು ಬಂದ ಸಡಗರದಲ್ಲಿ ಒಯ್ದಾಗ ಒಂದು ಬಿಲ್ಲು, ತಂದಾಗ ಅದನ್ನು ಅಳಿಸಿ ಇನ್ನೊಂದು ಬಿಲ್ಲು ಹಾಕುತ್ತಿದ್ದೆ.

ಅವ್ವ ಕನ್ನಡಕ ಹಾಕಿಕೊಂಡು ಚೀಟಿಯ ನಂಬರು ಓದಿದಳು. ನನ್ನ ಮೊಬೈಲು ಎತ್ತಿಕೊಂಡು ಹುಡುಕಿದಳು.

"ಲೇ, ಮೂವತ್ತೊಂದು ಅಂದ್ರೆ ನಿರಂಜನ ಅಂತ ತೋರಿಸ್ತೈತಲ್ಲೋ. ಈಯಮ್ಮ ಯಾವಾಗ ನಿರಂಜನ ಆದ್ಲು?"

ಹನುಮಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಅವ್ವನ ಕಿವಿಯಲ್ಲಿ ಹೇಳಿದೆ: "ನೂರಾ ನಲ್ವತ್ತೂ ಪೂರ್ತಿ ವಾಪಸ್ ಕೊಟ್ಬಿಡು. ಚೀಟಿ ಇಸ್ಕಂಡು ಹರಿದಾಕಾಣ."

"ಒಂದು ಕಪ್ಲಿಂಗು ಅವಳ ಮನೇಲಿ ನಲ್ಲಿಗೆ ಕುಂತೈತೆ. ಅದುನ್ನ ಮಾರಿಲ್ಲ ಅಂತೀಯಾ? ನಾಳೆ ಅದು ಒಡೆದ್ರೆ ಏನು ಹಿಡ್ಕಂಡು ಬರ್ಬೇಕು ಆಕೆ?" ಅವ್ವ ಎರಡು ಕಪ್ಲಿಂಗಿನ ದುಡ್ಡು ಎಣಿಸಿ ಕೊಟ್ಟು, ಚೀಟಿಯ ಹಿಂದೆ 'ಎರಡು ವಾಪಸ್' ಎಂದು ಬರೆದು ಹನುಮಮ್ಮನ ಕೈಗೇ ತಿರುಗಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. "ಮೋನಿಕಾನ ಕೇಳ್ಕಂಡು ಬಾ. ಓಡು."

ಮೋನಿಕಾ ಪಕ್ಕದ ಬೀದಿಯ ಟ್ಯಾಕ್ಸ್ ಸಲಹೆಗಾರರ ಹತ್ತಿರ ಕೆಲಸ ಮಾಡುತ್ತಾಳೆ, ನಮ್ಮ ತಿಂಗಳ ತೆರಿಗೆ ರಿಟರ್ನ್ ಹಾಕುವವಳೂ ಅವಳೇ. ನಾನು ಒಂಬತ್ತನೇ ತರಗತಿಯಲ್ಲಿ ಸ್ಕೂಲು ಬಿಟ್ಟಾಗ ಅವಳು ನನ್ನ ಕ್ಲಾಸು. ಅದನ್ನು ಅವಳು ಇನ್ನೂ ಮರೆತಿಲ್ಲ.

"ಕೂಡಿಸಾದು ಬಿಟ್ಟು ಅಳಿಸಾದು ಕಲ್ತೀಯಾ?" ಎಂದಳು, ಕಥೆ ಕೇಳಿ. ನಾನು ನಿಂತೇ ಇದ್ದೆ, ಕೂರಲಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರಾಗಲು ಹತ್ತು ನಿಮಿಷ.

"ಬೈಯದು ಆಮೇಲೆ. ಈಗ ಏನಾಗ್ತೈತೆ ಹೇಳು."

"ಒಂದೇ ನಂಬರಿಂದು ಎರಡು ಕಾಗ್ದ ಊರಾಗವೆ. ಹನುಮಮ್ಮನ ಯಾಪಾರ ಲೆಕ್ಕದಿಂದ ಮಾಯ. ಮೂವತ್ತೆರಡನೇ ಬಿಲ್ಲಿಗೆ ಐದನೇ ತಾರೀಖು, ಮೂವತ್ತೊಂದಕ್ಕೆ ಒಂಬತ್ತು. ನೋಡಿದವರಿಗೆ ತಿದ್ದಿದ್ದು ಅಂತ ತಕ್ಷಣ ಗೊತ್ತಾಗ್ತೈತೆ. ಅದುನ್ನ ಸರಿ ಮಾಡಿ ಹನುಮಮ್ಮಂಗೇ ತಿರುಗಿಸಿದ್ರೆ, ನಿರಂಜನ ಹಿಡ್ಕಂಡಿರೋ ಕಾಗ್ದ ನಮ್ಮ ರಿಟರ್ನಿನಾಗೆ ಇರಲ್ಲ. ಅವ್ರು ಕಟ್ಟಿರೋ ಏಳು ಸಾವಿರ ತೆರಿಗೆ ಅವರ ಲೆಕ್ಕಕ್ಕೆ ಬರಲ್ಲ. ಆಮೇಲೆ ಅವ್ರು ನಿನ್ನ ಅಂಗ್ಡಿ ಮೆಟ್ಟಿಲು ಹತ್ತಲ್ಲ."

"ಹಂಗಾರೆ ಐದು ಸಾವಿರ ಕಟ್ಟಿ ಸಾಯ್ಲಾ?"

"ಕಟ್ಟಬ್ಯಾಡ. ಕೈಲಿ ಬರಿಯೋ ಬಿಲ್ ಪುಸ್ತಕ ಐತಲ್ಲ, ನಿಮ್ಮಪ್ಪಂದು? ಅದ್ರಾಗೆ ಬೇರೆ ನಂಬರಿನ ಸಾಲು ಶುರು ಮಾಡು. ಕೈ-1 ಅಂತ ನಂಬರು. ಒಂದೇ ವರ್ಷದಾಗೆ ಒಂದೇ ನಂಬರು ಎರಡು ಸಲ ಬರಬಾರ್ದು ಅಷ್ಟೆ, ಸಾಲು ಎರಡಿರಬೋದು. ನಮ್ಮ ಜಿಎಸ್‌ಟಿ ನಂಬರು, ಅವರ್ದು, ಪೈಪಿನ ತೆರಿಗೆ ಕೋಡು, ರೇಟು, ಕೇಂದ್ರಕ್ಕೊಂದು ರಾಜ್ಯಕ್ಕೊಂದು ಅಂತ ಒಂಬತ್ತೊಂಬತ್ತು ಪರ್ಸೆಂಟು, ಸಹಿ. ರಿಟರ್ನ್ ಹಾಕುವಾಗ ನಾನೇ ಕೈಯಾಗೆ ಸೇರಿಸ್ತೀನಿ. ಅವರ ಹತ್ರ ಇರೋ ಮೂವತ್ತೊಂದನ್ನ ಇಸ್ಕಂಡು ಬಾ. ಅದು ಆಫೀಸಿಗೆ ಹೋದ್ರೆ ಮುಗೀತು."

ನಾನು ಬಾಗಿಲು ದಾಟುವಾಗ ಅವಳು ಕೂಗಿದಳು: "ಇನ್ನೂರು ರೂಪಾಯಿ ಒಳಗಿನ ಚಿಲ್ರೆಗೆ, ಗಿರಾಕಿ ಜಿಎಸ್‌ಟಿ ಇಲ್ದೋರು, ಬಿಲ್ಲು ಬೇಕು ಅನ್ನದೋರು ಆದ್ರೆ, ಒಬ್ಬೊಬ್ಬರಿಗೂ ಬಿಲ್ಲು ಬ್ಯಾಡ ಕಣೋ! ಸಂಜೆಗೆ ಎಲ್ಲಾ ಸೇರಿಸಿ ಒಂದೇ ಹಾಕು! ಸೈಜಿನ ಚೀಟಿ ಹಾಳೇಲೇ ಬರಿ!"

ಅಂಗಡಿಗೆ ಓಡಿದೆ. ಅವ್ವ ಆಗಲೇ ಅಪ್ಪನ ಪುಸ್ತಕ ಹುಡುಕಿ ಧೂಳು ಒರೆಸುತ್ತಿದ್ದಳು. ಅವಸರಕ್ಕೆ ಮೊದಲ ಹಾಳೆ ಕೆಟ್ಟಿತು. ಅದಕ್ಕೆ ಅಡ್ಡ ಗೆರೆ ಎಳೆದು 'ರದ್ದು' ಎಂದು ಬರೆದು ಪುಸ್ತಕದಲ್ಲೇ ಬಿಟ್ಟೆ. ಅದರ ನಂಬರು ಕೈ-1. ಹಾಗಾಗಿ ನಿರಂಜನಣ್ಣನದು ಕೈ-2 ಆಯಿತು. ಕಾಪಿ ಉಳಿಸಿ, ಹಾಳೆ ಹರಿದು, ಬೈಕು ಹತ್ತಿದೆ.

ದಾರಿಯಲ್ಲಿ ಏನು ಹೇಳಬೇಕೆಂದು ಯೋಚಿಸಿದೆ. ಪ್ರಿಂಟು ಸರಿ ಬಂದಿಲ್ಲ ಅನ್ನಲೇ? ಅಕ್ಷರ ತಪ್ಪು ಅನ್ನಲೇ? ಎರಡು ಸುಳ್ಳು ತಯಾರಿಟ್ಟುಕೊಂಡೆ. ಎದುರಿಗೆ ಕುರಿಮಂದೆ ಬಂತು, ರಸ್ತೆಯಿಡೀ ಕುರಿ. ಹಾರ್ನು ಹೊಡೆದೆ, ಬೈದೆ. ಕುರಿಯವನು ನನ್ನನ್ನು ನೋಡಲೂ ಇಲ್ಲ.

ಮೂರೂವರೆಗೆ ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿರಂಜನಣ್ಣ ಸಿಕ್ಕ. ಫೈಲು ತೆರೆದಿತ್ತು. ಮೂವತ್ತೊಂದು ಯಂತ್ರದ ಗಾಜಿನ ಮೇಲೆ ಮಲಗಿತ್ತು.

"ಅಣ್ಣ, ಅದುನ್ನ ಕೊಡ್ರಿ. ಅದು ಬ್ಯಾಡ."

"ಯಾಕೋ? ರೇಟು ಕಮ್ಮಿ ಮಾಡ್ತೀಯಾ?"

ತಯಾರಿಟ್ಟುಕೊಂಡ ಎರಡೂ ಸುಳ್ಳು ಬಾಯಿಗೆ ಬರಲಿಲ್ಲ. "ಬ್ಯಾರೆಯವರ ಬಿಲ್ಲು ಅಳಿಸಿ ನಿಮ್ಮ ಹೆಸರು ಹಾಕಿದ್ದೆ ಅಣ್ಣ. ನನ್ನ ಸಾಫ್ಟ್‌ವೇರಿನಾಗೆ ಐವತ್ತೇ ಬಿಲ್ಲು, ಮುಗ್ದೋಗಿದ್ವು. ಇದು ಕೈಲಿ ಬರ್ದದ್ದು, ಇದೇ ಸರಿಯಾದ್ದು. ಅದುನ್ನ ಕೊಟ್ರೆ ನಿಮ್ಮ ತೆರಿಗೆ ಲೆಕ್ಕ ಸಿಗಾಕ್ಕಂತೈತೆ."

ಝೆರಾಕ್ಸಿನವನು ಕೆಲಸ ನಿಲ್ಲಿಸಿ ಕೇಳುತ್ತಿದ್ದ. ನಿರಂಜನಣ್ಣ ಕೈ-2 ಎತ್ತಿ ಬೆಳಕಿಗೆ ಹಿಡಿದು ಸಾಲು ಸಾಲಾಗಿ ಓದಿದ. ತೆರಿಗೆಯ ಎರಡು ಸಾಲನ್ನು ಬೆರಳಿನಿಂದ ಕೂಡಿಸಿದ.

"ನಿನ್ನ ಕೈಬರಹ ನೋಡಿ ಆಫೀಸಿನವ್ರು ಡಾಕ್ಟ್ರು ಚೀಟಿ ಅಂತ ಮೆಡಿಕಲ್ಲಿಗೆ ಕಳಿಸ್ತಾರೆ ಕಣಲೇ."

"ಬರಿಯಾದು ಅಭ್ಯಾಸ ಇಲ್ಲಣ್ಣ."

"ನೀನು ಓಡಿ ಬರದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಇವತ್ತು ಗೊತ್ತಾಗ್ತಿರ್ಲಿಲ್ಲ."

ಅವನು ಮೂವತ್ತೊಂದನ್ನು ಗಾಜಿನ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟ. ಕೈ-2 ಅನ್ನು ಯಂತ್ರಕ್ಕೆ ಹಾಕಿಸಿದ. ಬಂದ ಮೂರು ಕಾಪಿಯನ್ನೂ ಎಣಿಸಿ ಫೈಲಿಗೆ ಸೇರಿಸಿದ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿದ್ದೆ.

"ಎರಡನೇ ಶಾಲೆದು ಸೋಮವಾರ. ಅದಕ್ಕೂ ಕೈಬಿಲ್ಲೇನಾ?"

"ಈ ತಿಂಗಳು ಪೂರ್ತಿ ಕೈಬಿಲ್ಲೇ ಅಣ್ಣ. ಮುಂದ್ಲ ತಿಂಗಳಿಂದ ಚಿಲ್ಲರೆನೆಲ್ಲ ಸಂಜೆಗೆ ಒಂದೇ ಬಿಲ್ಲು ಮಾಡ್ತೀನಿ, ಐವತ್ತರಾಗೇ ಸಾಕಾಗ್ತೈತೆ. ಸಾಲ್ದಿದ್ರೆ ನಡುವಿನ ಪ್ಲಾನಿಗೆ ದುಡ್ಡು ಕಟ್ತೀನಿ. ಅಳಿಸಿ ಬರಿಯಾದು ಮಾತ್ರ ಇಲ್ಲ."

"ನಿನ್ನ ಪ್ಲಾನು ನಂಗ್ಯಾಕೋ." ಅವನು ಫೈಲಿನ ದಾರ ಕಟ್ಟಿದ. "ಸೋಮವಾರ ಬಿಲ್ಲು ಮೊದ್ಲು ಕಳ್ಸು. ಅದುನ್ನ ನಾನು ಓದ್ತೀನಿ. ಆಮೇಲೆ ಗಾಡಿ ಕಳಿಸ್ತೀನಿ."

ನಂಬಿಕೆ ಅರ್ಧ ಹೋಗಿತ್ತು, ಗಿರಾಕಿ ಹೋಗಿರಲಿಲ್ಲ. ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗ ಅವನು ಆಫೀಸಿನ ಮೆಟ್ಟಿಲು ಹತ್ತಿದ. ನಾನು ಅಲ್ಲೇ ಬೈಕಿನ ಮೇಲೆ ಕೂತು ಮೊಬೈಲು ತೆರೆದು, ಮೂವತ್ತೊಂದನೇ ಬಿಲ್ಲಿನಲ್ಲಿ ನಿರಂಜನಣ್ಣನ ಹೆಸರು ತೆಗೆದು, ಹನುಮಮ್ಮ, ಮತ್ತೋಡು, ಐದನೇ ತಾರೀಖು ಎಂದು ಒಂದೊಂದೇ ಅಕ್ಷರ ತಿರುಗಿ ಒತ್ತತೊಡಗಿದೆ.